ರಫ್ತು ಸ್ಟಾಲಿನ ಬ್ಯಾನರಿಗೆ ಮಾಲಿನ ಹೆಸರೇ ಮೊದಲ ಸಾಲು

ಪ್ರಶ್ನೆ: ನಾವು ಸಿರಿಧಾನ್ಯ, ಸಾಂಬಾರ ಪದಾರ್ಥ ರಫ್ತು ಮಾಡ್ತೀವಿ. ಬೆಂಗಳೂರಿನ ಸಾವಯವ ಮತ್ತು ಸಿರಿಧಾನ್ಯ ಮೇಳದಲ್ಲಿ ಮೊದಲ ಸಲ ಸ್ಟಾಲ್ ಹಾಕ್ತಾ ಇದ್ದೀವಿ. ಬ್ಯಾನರಿನಲ್ಲಿ ಏನು ಬರೆಸಬೇಕು? ಬಂದವರಿಗೆ ಮೊದಲು ಏನು ಹೇಳಬೇಕು?

ಮಾಲಿನ ಹೆಸರನ್ನೇ ದೊಡ್ಡದಾಗಿ ಬರೆಸಿ. ‘ಪ್ರಕೃತಿಯ ಕೊಡುಗೆ’, ‘ಅತ್ಯುತ್ತಮ ಗುಣಮಟ್ಟ’ ಅಂತ ಬರೆಸಬೇಡಿ. ನಿಮ್ಮ ಅಕ್ಕಪಕ್ಕದ ಸ್ಟಾಲಿನವರೂ ಅದನ್ನೇ ಬರೆಸಿರುತ್ತಾರೆ. ಖರೀದಿದಾರರು ನಡೆಯುತ್ತಲೇ ಓದುತ್ತಾರೆ. ಯಾವ ಮಾಲು, ಯಾವ ರೂಪದಲ್ಲಿದೆ, ಯಾವ ಪ್ಯಾಕಿಂಗ್ ಅಂತ ಕಂಡರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಮುಂದೆ ಹೋಗುತ್ತಾರೆ.

ರೂಪ ಬರೆಸದಿದ್ದರೆ ಏನಾಗುತ್ತದೆ ಅಂತ ನಮ್ಮದೇ ಅನುಭವ ಹೇಳುತ್ತೇನೆ. ಮೊದಲ ವರ್ಷ ನಾವು ಇಂಗ್ಲಿಷಿನಲ್ಲಿ ಬರೀ ‘ಮಿಲೆಟ್ಸ್’ ಅಂತ ಬರೆಸಿದ್ದೆವು. ಹೊರದೇಶದ ವ್ಯಾಪಾರದಲ್ಲಿ ಸಿಪ್ಪೆ ಇರುವ ನವಣೆ, ಬರಗು ಅಂದರೆ ಸಾಕಿದ ಹಕ್ಕಿಗಳ ಆಹಾರ. ಆ ಮಾಲಿಗೇ ಬಂದವರ ಜೊತೆ ಅರ್ಧ ಬೆಳಿಗ್ಗೆ ಮಾತಾಡಿದೆವು. ನಮ್ಮ ಹತ್ತಿರ ಇದ್ದದ್ದು ಮಿಲ್ಲಿನಲ್ಲಿ ಹೊಟ್ಟು ತೆಗೆಸಿದ ಕಾಳು. ರೇಟು ಕೇಳಿ ಅವರು ಎದ್ದು ಹೋದರು. ಮುಂದಿನ ವರ್ಷ ಸಾಲು ಹೀಗೆ ಬದಲಾಯಿತು:

ನವಣೆ ಅಕ್ಕಿ. ಹೊಟ್ಟು ತೆಗೆದದ್ದು, ಪಾಲಿಶ್ ಮಾಡದ್ದು. 25 ಕೆಜಿ ಚೀಲ, 1 ಕೆಜಿ ವ್ಯಾಕ್ಯೂಮ್ ಪ್ಯಾಕ್.

ವಿವರ ಇಂಗ್ಲಿಷಿನಲ್ಲೇ ಇರಲಿ. ಇಲ್ಲಿ ನಿಮಗೆ ತಿಳಿಯಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಆದರೆ ಧಾನ್ಯದ ಹೆಸರನ್ನು ಮಾತ್ರ ಮೂರು ನಾಲ್ಕು ಭಾಷೆಯಲ್ಲಿ ಬರೆಸಿ. ಸಿರಿಧಾನ್ಯದಲ್ಲಿ ಜಾಸ್ತಿ ಎಡವುವುದು ಹೆಸರಿನಲ್ಲೇ.

ಹೊರದೇಶದ ತಮಿಳು ಅಂಗಡಿಗಳಿಗೆ ಮಾಲು ಕಳಿಸುವ ಚೆನ್ನೈನ ಖರೀದಿದಾರರೊಬ್ಬರು ನಮ್ಮ ಸ್ಟಾಲಿಗೆ ಬಂದು ‘ವರಗು ಇದೆಯಾ?’ ಅಂತ ಕೇಳಿದರು. ನಮ್ಮ ಹುಡುಗ ‘ಇದೆ ಸರ್’ ಅಂತ ಬರಗಿನ ಸ್ಯಾಂಪಲ್ ಪೊಟ್ಟಣ ಕೊಟ್ಟು ಕಳಿಸಿದ. ಕಿವಿಗೆ ಎರಡೂ ಒಂದೇ ತರಹ ಕೇಳುತ್ತವೆ, ಅಲ್ವಾ? ಆದರೆ ತಮಿಳಿನ ವರಗು ನಮ್ಮ ಹಾರಕ. ನಮ್ಮ ಬರಗಿಗೆ ಅವರು ಪನಿವರಗು ಅನ್ನುತ್ತಾರೆ. ಒಂದು ವಾರದ ಮೇಲೆ ಅವರೇ ಫೋನ್ ಮಾಡಿ ‘ನಾನು ಕೇಳಿದ್ದು ಇದಲ್ಲ’ ಅಂದರು. ಅಷ್ಟರಲ್ಲಿ ಬೇರೆ ಕಡೆ ಆರ್ಡರ್ ಕೊಟ್ಟಾಗಿತ್ತು. ನಮ್ಮ ಗೋದಾಮಿನಲ್ಲಿ ಹಾರಕ ಇತ್ತು. ಆ ಹುಡುಗನ ತಪ್ಪೇನೂ ಇಲ್ಲ, ಬೋರ್ಡಿನಲ್ಲಿ ನಾವು ಬರೆಸಿರಲಿಲ್ಲ.

ಆಮೇಲಿಂದ ಪ್ರತಿ ಬಟ್ಟಲಿನ ಮುಂದೆ ಒಂದು ಚೀಟಿ ಇಡುತ್ತೇವೆ. ನವಣೆಯ ಚೀಟಿಯಲ್ಲಿ ತಿನೈ, ಕೊರ್ರಲು, ಕಂಗ್ನಿ, ಫಾಕ್ಸ್‌ಟೇಲ್. ಹಾರಕದ್ದರಲ್ಲಿ ವರಗು, ಅರಿಕೆಲು, ಕೋದೋ. ಸಾಮೆಯದ್ದರಲ್ಲಿ ಸಾಮೈ, ಸಾಮಲು, ಕುಟ್ಕಿ. ಒಂದೊಂದು ಹೆಸರೂ ಅದರದೇ ಲಿಪಿಯಲ್ಲಿ ಇರಲಿ. ತಮ್ಮ ಭಾಷೆಯ ಹೆಸರು ಕಂಡ ಕೂಡಲೇ ಜನ ಹತ್ತಿರ ಬಂದು ಕಾಳು ಮುಟ್ಟಿ ನೋಡುತ್ತಾರೆ.

ಸಾಂಬಾರ ಪದಾರ್ಥದಲ್ಲಿ ಎಡವುವುದು ಅಂಕಿಯಲ್ಲಿ. ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದು ಮಾರಾಟವಾಗುವುದೇ ಬಣ್ಣದ ಮೇಲೆ. ಆ ಬಣ್ಣವನ್ನು ಲ್ಯಾಬಿನಲ್ಲಿ ಆಸ್ಟಾ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಹಾಗಾಗಿ ‘ಕಡುಗೆಂಪು ಬ್ಯಾಡಗಿ’ ಅನ್ನುವುದಕ್ಕಿಂತ ಆಸ್ಟಾ ಅಂಕಿ ಬರೆಸುವುದೇ ಸರಿ. ಆದರೆ ಅದು ಯಾವ ಲಾಟಿನ ಅಂಕಿ?

ಈ ಮೇಳ ಈಚಿನ ವರ್ಷಗಳಲ್ಲಿ ಅರಮನೆ ಮೈದಾನದಲ್ಲಿ ಜನವರಿಯಲ್ಲಿ ನಡೆದಿದೆ. ಹೊಸ ಕಾಯಿ ಬ್ಯಾಡಗಿ ಮಾರುಕಟ್ಟೆಗೆ ಜೋರಾಗಿ ಬರಲು ಶುರುವಾಗುವುದೂ ಆಗಲೇ. ನಿಮ್ಮ ಕೈಯಲ್ಲಿ ಮಾರಲು ಇರುವ ಮಾಲು ಬಹುಶಃ ಕಳೆದ ವರ್ಷದ್ದು, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು. ಬೆಳಕು, ಶಾಖ ತಗುಲಿದ ಹಾಗೆ ಬಣ್ಣ ಇಳಿಯುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಳಿಯುವುದು ನಿಧಾನ, ಆದರೆ ಇಳಿಯುವುದಂತೂ ನಿಜ. ನಾವು ಒಂದು ಸಲ ಹೊಸ ಕಾಯಿಯ ವರದಿ ನೋಡಿ ಅಂಕಿ ಬರೆಸಿ, ಹಳೇ ಲಾಟಿನಿಂದ ಸ್ಯಾಂಪಲ್ ಕೊಟ್ಟೆವು. ಖರೀದಿದಾರರು ತಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಾಗ ಕಡಿಮೆ ಬಂತು. ಅವರು ಜಗಳ ಆಡಲಿಲ್ಲ. ಮತ್ತೆ ಮಾತೂ ಆಡಲಿಲ್ಲ. ಮೇಳಕ್ಕೆ ಮೂರು ವಾರ ಮೊದಲು, ಸ್ಟಾಲಿಗೆ ತರುವ ಲಾಟಿನಿಂದಲೇ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಿ. ಅಂಕಿಯನ್ನು ಬ್ಯಾನರಿನಲ್ಲಿ ಅಚ್ಚು ಹಾಕಿಸದೆ ಚೀಟಿಯಲ್ಲಿ ಹಾಕಿ. ಬ್ಯಾನರಿಗೆ ಇಷ್ಟು ಸಾಕು:

ಬ್ಯಾಡಗಿ ಕಡ್ಡಿ ಮೆಣಸಿನಕಾಯಿ. ತೊಟ್ಟು ತೆಗೆದದ್ದು. ಲಾಟಿನ ಲ್ಯಾಬ್ ವರದಿ ಇಲ್ಲೇ ನೋಡಿ.

‘ಬ್ಯಾಡಗಿ’ ಅನ್ನುವ ಪದವನ್ನೂ ಸುಮ್ನೆ ಹಾಕಬೇಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೊಂಡದ್ದೆಲ್ಲ ಬ್ಯಾಡಗಿ ತಳಿಯಲ್ಲ. ಬಳ್ಳಾರಿ ಕಡೆಯಿಂದ, ಆಂಧ್ರದಿಂದ ಹೈಬ್ರಿಡ್ ಕಾಯಿಯೂ ಅಲ್ಲಿಗೆ ಬರುತ್ತದೆ. ಬ್ಯಾಡಗಿಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ಸಿಕ್ಕಿದೆ. ಸುಕ್ಕು ನೋಡಿಯೇ ತಳಿ ಹೇಳುವ ಖರೀದಿದಾರರು ಇರುತ್ತಾರೆ.

‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಅಂತ ಸಿರಿಧಾನ್ಯದ ಮೇಲೆ ಬರೆಸಲೇಬೇಡಿ. ಆಹಾರ ಕಾಯಿಲೆ ವಾಸಿ ಮಾಡುತ್ತದೆ ಅಂತ ಹೇಳುವುದು ನಮ್ಮ ಕಾನೂನಿನಲ್ಲೂ ತಪ್ಪು, ಯುರೋಪಿನಲ್ಲೂ ತಪ್ಪು. ‘ಗ್ಲುಟನ್ ಇಲ್ಲ’ ಅನ್ನಬೇಕಾದರೆ ಪರೀಕ್ಷೆಯಲ್ಲಿ ಒಂದು ಕೆಜಿಗೆ 20 ಮಿಲಿಗ್ರಾಂ ದಾಟಿರಬಾರದು. ನವಣೆಯಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ಅದೇ ಮಿಲ್ಲಿನಲ್ಲಿ ಗೋಧಿಯೂ ಓಡುತ್ತಿದ್ದರೆ ಬೆರಕೆ ಆಗಿಯೇ ಆಗುತ್ತದೆ. ಮಿಲ್ಲಿನವರನ್ನು ಕೇಳಿಕೊಂಡು ಆಮೇಲೆ ಬರೆಸಿ.

ಬ್ಯಾನರಿನಲ್ಲಿ ಮೇಜಿನ ಎತ್ತರಕ್ಕಿಂತ ಕೆಳಗೆ ಏನೂ ಬರೆಸಬೇಡಿ. ಮೇಜು, ಚೀಲ, ನಿಂತ ಜನ ಎಲ್ಲ ಮುಚ್ಚಿಬಿಡುತ್ತಾರೆ.

ಇನ್ನು ಮಾತು. ಬಂದವರಿಗೆ ಕಂಪನಿಯ ಕಥೆ ಹೇಳುವ ಮೊದಲು ಎರಡು ಪ್ರಶ್ನೆ ಕೇಳಿ. ನಾನು ಕೇಳುವುದು ಹೀಗೆ:

‘ಬನ್ನಿ ಸರ್. ನಿಮಗೆ ಇಡೀ ಕಾಯಿ ಬೇಕಾ, ಪುಡಿಯಾ?’

‘ಪುಡಿ.’

‘ಯಾವ ದೇಶಕ್ಕೆ ಹೋಗುತ್ತೆ?’

ಈ ಎರಡನೇ ಉತ್ತರದ ಮೇಲೆ ಉಳಿದ ಮಾತೆಲ್ಲ ನಿಂತಿದೆ. ಜರ್ಮನಿಗೆ ಅಂದರೆ ನಾನು ನೇರವಾಗಿ ಅಫ್ಲಾಟಾಕ್ಸಿನ್ ವರದಿ ತೆಗೆಯುತ್ತೇನೆ. ಅದು ಬೂಷ್ಟಿನಿಂದ ಬರುವ ವಿಷ. ಮೆಣಸಿನಕಾಯಿಯಲ್ಲಿ ಅದರ ಬಿ1 ಅನ್ನುವ ಬಗೆ ಒಂದು ಕೆಜಿಗೆ 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ 10 ದಾಟಬಾರದು ಅನ್ನುವುದು ಯುರೋಪಿನ ಮಿತಿ. ಆಮೇಲೆ ‘ನಮ್ಮಲ್ಲಿ ಹಬೆಯಲ್ಲಿ ಶುದ್ಧ ಮಾಡಿದ್ದು, ಎಥಿಲೀನ್ ಆಕ್ಸೈಡ್ ಹಾಕಿಲ್ಲ’ ಅನ್ನುತ್ತೇನೆ. ಅದು ಸೂಕ್ಷ್ಮಜೀವಿ ಕೊಲ್ಲಲು ಬಿಡುವ ಅನಿಲ, ಯುರೋಪಿನಲ್ಲಿ ಅದಕ್ಕೆ ಅನುಮತಿ ಇಲ್ಲ. ನೀವು ಹಬೆ ಮಾಡಿಸಿಲ್ಲದಿದ್ದರೆ ಈ ಮಾತು ಹೇಳಬೇಡಿ, ಯಾರ ಹತ್ತಿರ ಮಾಡಿಸಿ ಕೊಡಬಲ್ಲಿರಿ, ಎಷ್ಟು ದಿನ ಬೇಕು ಅಂತ ಹೇಳಿ. ದುಬೈನ ಅಂಗಡಿಗೆ ಅಂದರೆ ಪ್ಯಾಕೆಟ್ ಅಳತೆ, ಅರಬ್ಬಿ ಲೇಬಲ್ ಬಗ್ಗೆ ಮಾತು ಶುರು ಮಾಡಿ.

ರೇಟು ಕೇಳಿದರೆ ತಡಬಡಿಸಬೇಡಿ. ಬಂದರಿನ ಹೆಸರು ಸೇರಿಸಿಯೇ ಹೇಳಿ. ‘ಎಫ್‌ಒಬಿ ಚೆನ್ನೈ, ಇಷ್ಟು ಟನ್ನಿಗೆ, ಈ ದಿನದವರೆಗೆ’ ಅಂತ. ಎಫ್‌ಒಬಿ ಅಂದರೆ ಆ ಬಂದರಿನಲ್ಲಿ ಹಡಗಿಗೆ ಹಾಕುವವರೆಗಿನ ಖರ್ಚು ಮಾರುವವರದು. ಬರೀ ಕೆಜಿ ರೇಟು ಹೇಳಿದರೆ ಬಂದರಿನವರೆಗಿನ ಖರ್ಚು ಯಾರದು ಅಂತ ಆಮೇಲೆ ಮನಸ್ತಾಪ ಆಗುತ್ತದೆ.

ಸ್ಯಾಂಪಲ್ ಪೊಟ್ಟಣದ ಮೇಲೆ ಲಾಟ್ ನಂಬರ್ ಬರೆದು ಕೊಡಿ. ಅದೇ ನಂಬರನ್ನು ಅವರ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದಿಟ್ಟು, ಅದೇ ಚೀಲದಿಂದ ಇನ್ನೊಂದು ಪೊಟ್ಟಣ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ತಿಂಗಳು ಬಿಟ್ಟು ‘ಅವತ್ತು ಕೊಟ್ಟಿದ್ದಿರಲ್ಲ, ಅದೇ ಬೇಕು’ ಅಂತ ಫೋನ್ ಬಂದಾಗ ಯಾವುದು ಅಂತ ಹುಡುಕುವ ಹಾಗಾಗಬಾರದು.