ಧಾರವಾಡದ ಕಡೆಯ ಮಾತಿಗೆ ವರ್ಡ್ ಎರರ್ ರೇಟ್ ಜಾಸ್ತಿ ಬಂದರೆ ಯಂತ್ರ ಇಳಿಸಿದ ಬರಹವನ್ನು ನಂಬಬಹುದಾ?

ಪ್ರಶ್ನೆ: ರೈತರ ಸಂದರ್ಶನಗಳನ್ನು ಸ್ಪೀಚ್-ಟು-ಟೆಕ್ಸ್ಟ್‌ಗೆ ಹಾಕಿದ್ದೇನೆ. ಧಾರವಾಡದ ಕಡೆಯವರ ಮಾತಿಗೆ ವರ್ಡ್ ಎರರ್ ರೇಟ್ ತುಂಬಾ ಜಾಸ್ತಿ ಬರುತ್ತಿದೆ. ಇದರ ಮೇಲೆ ವಿಶ್ಲೇಷಣೆ ಮಾಡಬಹುದಾ?

ಉತ್ತರ: ಆ ಒಂದು ಅಂಕಿ ನೋಡಿ ಹೇಳಲಾಗದು. ತಪ್ಪು ಎಲ್ಲಿ ಬಿದ್ದಿದೆ ನೋಡಬೇಕು.

ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ, ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸಿದರೆ ಈ ದರ ಸಿಗುತ್ತದೆ. ರೈತ ‘ನಾ ನಿನ್ನೆ ಹೊಲಕ್ಕ ಹೋಗಿಲ್ರಿ’ ಅಂದರು ಅಂದುಕೊಳ್ಳಿ. ಯಂತ್ರ ‘ನಾನು ನಿನ್ನೆ ಹೊಲಕ್ಕೆ ಹೋಗಿಲ್ರಿ’ ಎಂದು ಬರೆದರೆ 4ರಲ್ಲಿ 2 ಪದ ತಪ್ಪು, ದರ 50%. ಅರ್ಥ ಮಾತ್ರ ಹಾಗೇ ಇದೆ. ಅದೇ ‘ನಾ ನಿನ್ನೆ ಹೊಲಕ್ಕ ಹೋಗಿರಿ’ ಎಂದು ಬರೆದರೆ ದರ ಬರೀ 25%, ಆದರೆ ‘ಇಲ್ಲ’ವೇ ಮಾಯ! ಕನ್ನಡದಲ್ಲಿ ನಿರಾಕರಣೆ, ಕಾಲ, ಗೌರವ ಎಲ್ಲವೂ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಪ್ರದೇಶದಿಂದ ಪ್ರದೇಶಕ್ಕೆ ಆ ಬಾಲವೂ ಬದಲಾಗುತ್ತದೆ.

ದೊಡ್ಡ ಅಪಾಯ ಹೋಲಿಕೆಯಲ್ಲಿದೆ. ‘ನೀರು ಬಂದಿಲ್ಲ’ ಥರದ ದೂರುಗಳಲ್ಲಿ ಧಾರವಾಡದವರ ‘ಇಲ್ಲ’ಗಳು ಹೀಗೆ ಉದುರಿ, ಮೈಸೂರಿನವರದು ಉಳಿದರೆ, ‘ಮೈಸೂರಿನಲ್ಲಿ ದೂರು ಜಾಸ್ತಿ’ ಎಂದು ಚಾರ್ಟ್ ತೋರಿಸಬಹುದು. ಅದು ಜನರ ವ್ಯತ್ಯಾಸ ಅಲ್ಲ, ಯಂತ್ರದ್ದು.

ಹಾಗಾಗಿ ಪ್ರತಿ ಪ್ರದೇಶದಿಂದ ಕೆಲವು ತುಣುಕುಗಳನ್ನು ಆ ಕಡೆಯವರೇ ಕೇಳಿ, ಆಡಿದ ಹಾಗೇ ಬರೆಯಲಿ. ಬೇರೆ ಬೇರೆಯಾಗಿ ದರ ಲೆಕ್ಕ ಹಾಕಿ. ಹೊಲಕ್ಕ-ಹೊಲಕ್ಕೆ ಥರದ ಜೋಡಿಗಳನ್ನು ಒಂದೇ ಎಂದು ಎಣಿಸಿ ಮತ್ತೊಮ್ಮೆ ಹಾಕಿ. ನಿಮಗೆ ಬೇಕಾದ ಪದಗಳು, ‘ಇಲ್ಲ’ ರೂಪಗಳು ಎಷ್ಟು ಉಳಿದಿವೆ ಎಂದು ಪ್ರತ್ಯೇಕವಾಗಿ ನೋಡಿ. ಅವು ಒಂದು ಕಡೆ ಮಾತ್ರ ಉದುರುತ್ತಿದ್ದರೆ, ಪ್ರದೇಶಗಳ ಹೋಲಿಕೆಯನ್ನು ಸದ್ಯಕ್ಕೆ ಕೈಬಿಡಿ.