ಸ್ಟೀಲ್ ಬಾಟಲಿಯ ಶೀರ್ಷಿಕೆಯನ್ನು ಚಿಕ್ಕದು ಮಾಡುವುದು ಹೇಗೆ?

ಪ್ರಶ್ನೆ: ಅಮೆಜಾನ್‌ನಲ್ಲಿ ನನ್ನ ಶೀರ್ಷಿಕೆ ಹೀಗಿದೆ: "ಬಾಟಲ್ ವಾಟರ್ ಬಾಟಲ್ ಸ್ಟೀಲ್ ಬಾಟಲ್ ಫ್ರಿಜ್ ಬಾಟಲ್ ಜಿಮ್ ಆಫೀಸ್ ಸ್ಕೂಲ್ ಗಿಫ್ಟ್ ಬೆಸ್ಟ್ 1 ಲೀಟರ್". ಜನ ನೋಡುತ್ತಾರೆ, ಒತ್ತುವುದಿಲ್ಲ. ಏನು ತೆಗೆಯಲಿ?

ಉತ್ತರ: ಮೊಬೈಲ್‌ನ ಹುಡುಕಾಟದ ಪುಟದಲ್ಲಿ ಶೀರ್ಷಿಕೆಯ ಮೊದಲ ಭಾಗ ಮಾತ್ರ ಕಾಣಿಸಿ ಉಳಿದದ್ದು ಕತ್ತರಿಸಿಹೋಗಬಹುದು. ಆದರೆ ಕೊಳ್ಳುವವರು ಮೊದಲು ಹುಡುಕುವ ಅಳತೆಯೇ ನಿಮ್ಮಲ್ಲಿ ಕೊನೆಗೆ ಬಿದ್ದಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಇದು ಬಿಸಿ ಕಾಪಾಡುವ ಫ್ಲಾಸ್ಕೋ ಒಂದೇ ಪದರದ ಬಾಟಲಿಯೋ ಎಂಬುದು ಎಲ್ಲಿಯೂ ತಿಳಿಯುವುದಿಲ್ಲ. ಫ್ಲಾಸ್ಕೆಂದು ಭಾವಿಸಿ ಕೊಂಡವರು ಅದನ್ನು ಹಿಂದಿರುಗಿಸುತ್ತಾರೆ.

ನಿಮ್ಮದು ಒಂದೇ ಪದರದ ಬೆಳ್ಳಿ ಬಣ್ಣದ ಬಾಟಲಿಯಾದರೆ, ಬ್ರ್ಯಾಂಡಿನ ಹೆಸರಿನ ನಂತರ ಹೀಗೆ ಬರೆಯಿರಿ: "ಸ್ಟೇನ್‌ಲೆಸ್ ಸ್ಟೀಲ್ ವಾಟರ್ ಬಾಟಲ್, 1 ಲೀಟರ್, ಸಿಂಗಲ್ ವಾಲ್, ಫ್ರಿಜ್‌ಗೆ, ಸಿಲ್ವರ್". "ಬೆಸ್ಟ್" ಎಂಬುದನ್ನು ಯಾರೂ ನಂಬುವುದಿಲ್ಲ, ಧಾರಾಳವಾಗಿ ತೆಗೆಯಿರಿ. ಜಿಮ್, ಸ್ಕೂಲ್, ಗಿಫ್ಟ್ ಮುಂತಾದ ಪದಗಳನ್ನು ಸೆಲ್ಲರ್ ಖಾತೆಯಲ್ಲಿ ಗ್ರಾಹಕರಿಗೆ ಕಾಣಿಸದ ಕೀವರ್ಡ್ ಅಂಕಣಕ್ಕೆ ಸಾಗಿಸಿದರೆ ಹುಡುಕಾಟಕ್ಕೆ ಅವು ಅಲ್ಲಿಂದಲೇ ಒದಗುತ್ತವೆ. 2025ರ ಜನವರಿಯಲ್ಲಿ ಜಾರಿಗೆ ಬಂದ ಅಮೆಜಾನ್ ನಿಯಮವೂ ಒಂದೇ ಪದವನ್ನು ಶೀರ್ಷಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಬಳಸಲು ಬಿಡುವುದಿಲ್ಲ. ನಿಮ್ಮಲ್ಲಿ "ಬಾಟಲ್" ನಾಲ್ಕು ಬಾರಿ ಇದೆ.

ಬದಲಿಸಿದ ಮೇಲೆ ಬೆಲೆ, ಚಿತ್ರಗಳನ್ನು ಕೆಲವು ವಾರ ಮುಟ್ಟಬೇಡಿ. ಇಲ್ಲವಾದರೆ ಕ್ಲಿಕ್‌ಗಳು ಹೆಚ್ಚಿದ್ದು ಯಾವುದರಿಂದ ಎಂದು ಹೇಳಲಾಗದು.