ಹಬ್ಬದ ಸೇಲ್ ಪೇಜ್: ಸೀಸನ್ ಮುಗಿದ ಮೇಲೆ ಆ ಲಿಂಕ್ ಏನಾಗಬೇಕು?

"ನಮ್ಮ ಅಂಗಡಿ ಸೈಟ್‌ನಲ್ಲಿ ಹಬ್ಬದ ಸೇಲ್‌ಗೆ ಒಂದೇ ಲಿಂಕ್ ಇಟ್ಟಿದ್ದೇವೆ. ಪ್ರತಿ ಸೀಸನ್‌ಗೂ ಟೈಟಲ್, ಡಿಸ್ಕ್ರಿಪ್ಷನ್ ಬದಲಿಸಿದರೆ ಗೂಗಲ್‌ನಲ್ಲಿ ಕೆಳಗೆ ಹೋಗ್ತೀವಾ?"

ಟೈಟಲ್ ಬದಲಿಸೋದಕ್ಕೆ ಹೆದರಬೇಡಿ. ಹೆದರಬೇಕಾದ್ದು ಸೇಲ್ ಇಲ್ಲದ ತಿಂಗಳುಗಳಿಗೆ. ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ಇಳಕಲ್ ಸೀರೆ ಮಾರುವ ಅಂಗಡಿಯೊಂದರ ಸೈಟ್ ನೋಡಿಕೊಳ್ಳುತ್ತಿದ್ದೆ. ಸೇಲ್ ಪೇಜಿನ ವಿಳಾಸ `/habba-sale`. ದೀಪಾವಳಿ ಮುಗಿದ ಮೇಲೆ ಖಾಲಿ ಪೇಜ್ ಯಾಕೆ ಅಂತ ಅದನ್ನು ಹೋಮ್ ಪೇಜ್‌ಗೆ 301 ರೀಡೈರೆಕ್ಟ್ ಮಾಡಿಬಿಟ್ಟೆ. 301 ಅಂದರೆ 'ಈ ಪೇಜ್ ಖಾಯಂ ಆಗಿ ಬೇರೆ ವಿಳಾಸಕ್ಕೆ ಹೋಗಿದೆ, ಇನ್ನು ಇಲ್ಲಿಗೆ ಬರಲ್ಲ' ಅಂತ ಹೇಳಿದ ಹಾಗೆ. ಗೂಗಲ್ ನಂಬಿತು. ಯುಗಾದಿ ಹೊತ್ತಿಗೆ ಹುಡುಕಿದರೆ ಆ ಪೇಜೇ ಇಲ್ಲ.

ರೀಡೈರೆಕ್ಟ್ ತೆಗೆದೆ. ಸರ್ವರ್ ಏನು ಉತ್ತರ ಕೊಡುತ್ತೆ ಅಂತ ನೋಡೋಕೆ `curl -I` ಹಾಕಿದರೆ 200, ಅಂದರೆ 'ಪೇಜ್ ಇಲ್ಲೇ ಇದೆ' ಅಂತ ಬಂತು, ಸರಿಹೋಯ್ತು ಅಂದುಕೊಂಡೆ. ಆದರೆ ಹಳೇ ಗಿರಾಕಿಗಳ ಫೋನ್ ನಿಲ್ಲಲಿಲ್ಲ: "ಸೇಲ್ ಎಲ್ಲಿದೆ ಸಾರ್? ಲಿಂಕ್ ಒತ್ತಿದ್ರೆ ಬರೀ ಹೋಮ್ ಪೇಜ್ ಬರ್ತಿದೆ." ಕಾರಣ, 301 ಅನ್ನು ಬ್ರೌಸರ್ ಕೂಡ ನೆನಪಿಟ್ಟುಕೊಳ್ಳುತ್ತದೆ. ಎಷ್ಟು ದಿನ ಅಂತ ಸರ್ವರ್ ಹೇಳದಿದ್ದರೆ, ಮುಂದಿನ ಸಲ ಸರ್ವರನ್ನು ಕೇಳದೆಯೇ ಹೋಮ್ ಪೇಜ್‌ಗೆ ಕರೆದೊಯ್ಯಬಹುದು. ಸೀಸನ್ ಇಲ್ಲದಾಗಲೂ ಲಿಂಕ್ ಒತ್ತಿ ನೋಡಿದವರಿಗೇ ಹೀಗಾಗಿದ್ದು, ಅಂದರೆ ನಮ್ಮ ಖಾಯಂ ಗಿರಾಕಿಗಳಿಗೆ! ಇನ್‌ಕಾಗ್ನಿಟೋದಲ್ಲಿ ಪೇಜ್ ಸರಿಯಾಗಿ ತೆರೆದುಕೊಂಡು, ಮಾಮೂಲಿ ಕಿಟಕಿಯಲ್ಲಿ ತೆರೆಯದಿದ್ದರೆ ಇದೇ ಕಾಯಿಲೆ ಅಂತ ತಿಳಿಯಿರಿ.

ಅವರ ಫೋನಿನ ಕ್ಯಾಶ್ ನಾವು ಅಳಿಸೋಕಾಗಲ್ಲ, ಅಲ್ವಾ? ಕೊನೆಗೆ ವಾಟ್ಸಾಪ್‌ನಲ್ಲಿ `/habba-sale?y=1` ಅಂತ ಕಳಿಸಿದೆವು. ಬ್ರೌಸರ್‌ಗೆ ಅದು ಬೇರೆ ವಿಳಾಸ. ಗೂಗಲ್‌ಗೆ ಗೊಂದಲ ಆಗಬಾರದು ಅಂತ, ಅಸಲಿ ವಿಳಾಸ ಯಾವುದು ಅಂತ ಹೇಳುವ ಕ್ಯಾನೊನಿಕಲ್ ಟ್ಯಾಗ್‌ನಲ್ಲಿ ಮೂಲ ವಿಳಾಸವನ್ನೇ ಇಟ್ಟೆವು.

ಹಾಗಾಗಿ ಸೇಲ್ ಮುಗಿದರೂ ಪೇಜ್ ತೆಗೆಯಬೇಡಿ, ರೀಡೈರೆಕ್ಟ್ ಬೇಡ, ಪೇಜನ್ನು ಹುಡುಕಾಟದಲ್ಲಿ ತೋರಿಸಬೇಡ ಅಂತ ಗೂಗಲ್‌ಗೆ ಹೇಳುವ `noindex` ಅಂತೂ ಬೇಡವೇ ಬೇಡ. ಬೆಲೆ, ಆಫರ್ ತೆಗೆದು ನಾಲ್ಕು ಸೀರೆ ಫೋಟೋ ಬಿಡಿ. 'ಮುಂದಿನ ಸೇಲ್ ವರಮಹಾಲಕ್ಷ್ಮಿ ಹಬ್ಬಕ್ಕೆ' ಅಂತ ಒಂದು ಸಾಲು ಬರೆಯಿರಿ, ಸಾಕು.

ಈಗ ನಿಮ್ಮ ಟೈಟಲ್ ವಿಷಯ. ಅದನ್ನು ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಬೇಡಿ. ಪೇಜಿನ ಮೇಲಿರುವ ದಪ್ಪಕ್ಷರದ `h1`ನಲ್ಲಿ ಇನ್ನೂ 'ದೀಪಾವಳಿ' ಅಂತಿದ್ದರೆ, ನಿಮ್ಮ ಯುಗಾದಿ ಟೈಟಲ್ ಬಿಟ್ಟು ಗೂಗಲ್ ಅದನ್ನೇ ತೋರಿಸಬಹುದು. ಡಿಸ್ಕ್ರಿಪ್ಷನ್‌ನಿಂದ ರ್‍ಯಾಂಕ್ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಅದು ಓದಿ ಒತ್ತುವವರಿಗೆ. ಸೇಲ್ ತಾರೀಖು, ಸೀರೆಯ ಹೆಸರು ಅಲ್ಲಿರಲಿ.

ಇದೆಲ್ಲ ಹಬ್ಬದ ಹಿಂದಿನ ದಿನ ಮಾಡಿದರೆ ದಂಡ. ಗೂಗಲ್ ಮತ್ತೆ ಬಂದು ನೋಡೋಕೆ ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತದೆ. ನಾನು ಮೂರು ವಾರ ಮೊದಲೇ ಬದಲಿಸಿ, ಸರ್ಚ್ ಕನ್ಸೋಲ್‌ನ URL Inspection ಪೆಟ್ಟಿಗೆಗೆ ವಿಳಾಸ ಹಾಕಿ Request Indexing ಒತ್ತುತ್ತೇನೆ.